ಟೇಬಲ್ ಫ್ಯಾನ್ ಕತ್ತು ತಿರುಗಿಸುತ್ತಿಲ್ಲವೇ? ಮೊದಲು ನಾಬ್ ನೋಡಿ

ರೆಕ್ಕೆ ಜೋರಾಗಿ ತಿರುಗುತ್ತಿದೆ, ಗಾಳಿಯೂ ಬರುತ್ತಿದೆ. ಆದರೆ ಫ್ಯಾನ್ ಒಂದೇ ಕಡೆ ಮುಖ ಮಾಡಿ ನಿಂತುಬಿಟ್ಟಿದೆ. ಇಂಥ ಫ್ಯಾನ್ ಹಿಡಿದುಕೊಂಡು ಅಂಗಡಿಗೆ ಹೋಗುವವರ ಮೊದಲ ಪ್ರಶ್ನೆ, 'ಮೋಟರ್ ಹೋಗಿದೆಯಾ?' ಸಾಮಾನ್ಯವಾಗಿ ಹೋಗಿರುವುದಿಲ್ಲ. ರೆಕ್ಕೆ ಎಂದಿನ ವೇಗದಲ್ಲೇ ತಿರುಗುತ್ತಿದ್ದರೆ ಮೋಟರಿನ ಒಳಗಿನ ತಂತಿ ಸುರುಳಿ, ಅಂದರೆ ವೈಂಡಿಂಗ್, ಸರಿಯಾಗಿಯೇ ಇದೆ. ತೊಂದರೆ ಇರುವುದು ಮೋಟರಿನ ಬೆನ್ನಿಗೆ ಅಂಟಿಕೊಂಡಿರುವ ಪುಟ್ಟ ಗೇರ್ ಬಾಕ್ಸಿನಲ್ಲಿ ಅಥವಾ ಅದರಿಂದ ಕತ್ತಿನವರೆಗಿನ ಭಾಗದಲ್ಲಿ. ಅದರಲ್ಲಿ ಯಾವ ಭಾಗ ಎಂಬುದನ್ನು ಫ್ಯಾನ್ ಬಿಚ್ಚುವ ಮೊದಲೇ ಪತ್ತೆ ಮಾಡಬಹುದು.

ಇಲ್ಲಿ ಹೇಳುತ್ತಿರುವುದು ಹಿಂಭಾಗದ ಮೇಲ್ಗಡೆ ಒತ್ತಿ–ಎಳೆಯುವ ನಾಬ್ ಇರುವ ಫ್ಯಾನಿನ ಬಗ್ಗೆ. ನಮ್ಮ ಮನೆಗಳಲ್ಲಿರುವ ಟೇಬಲ್ ಫ್ಯಾನುಗಳಲ್ಲಿ ಈ ಬಗೆಯದ್ದೇ ಹೆಚ್ಚು. ಕತ್ತು ತಿರುಗಿಸಲು ಬೇರೆ ಸ್ವಿಚ್ ಇರುವ ಫ್ಯಾನುಗಳ ವಿಷಯವನ್ನು ಕೊನೆಯಲ್ಲಿ ನೋಡೋಣ.

ಕತ್ತು ತಿರುಗುವುದು ಹೇಗೆ?

ಮೋಟರಿನ ಶಾಫ್ಟ್, ಅಂದರೆ ತಿರುಗುವ ಉಕ್ಕಿನ ಸರಳು, ಮುಂದೆ ರೆಕ್ಕೆಯನ್ನು ತಿರುಗಿಸುತ್ತದೆ. ಅದರ ಹಿಂದಿನ ತುದಿಯಲ್ಲಿ ಸ್ಕ್ರೂ ಮರೆಯಂಥ ಸುರುಳಿ ಕೊರೆದಿರುತ್ತಾರೆ. ಇದನ್ನು ವರ್ಮ್ ಎನ್ನುತ್ತಾರೆ. ಈ ವರ್ಮ್ ಗೇರ್ ಬಾಕ್ಸಿನೊಳಗಿನ ನೈಲಾನ್ ಅಥವಾ ಫೈಬರ್ ಹಲ್ಲಿನ ಚಕ್ರಕ್ಕೆ ಕಚ್ಚಿಕೊಂಡಿರುತ್ತದೆ. ಶಾಫ್ಟ್ ಒಂದು ಸುತ್ತು ತಿರುಗಿದರೆ ಚಕ್ರ ಒಂದೇ ಒಂದು ಹಲ್ಲು ಮುಂದೆ ಹೋಗುತ್ತದೆ.

ಈ ಚಕ್ರದ ನಡುವೆ ಒಂದು ಲಂಬ ಕಡ್ಡಿ ಹಾದುಹೋಗುತ್ತದೆ. ಕಡ್ಡಿಯ ಮೇಲಿನ ತುದಿಯೇ ನೀವು ಒತ್ತುವ ನಾಬ್. ಕಡ್ಡಿಯ ಕೆಳಭಾಗದ ಸಣ್ಣ ಹಲ್ಲುಗಳು ಇನ್ನೊಂದು ದೊಡ್ಡ ಗೇರನ್ನು ನಿಧಾನವಾಗಿ ತಿರುಗಿಸುತ್ತವೆ. ಆ ಗೇರಿನ ಕಡ್ಡಿ ಗೇರ್ ಬಾಕ್ಸಿನ ತಳದಿಂದ ಹೊರಬರುತ್ತದೆ, ಅದರ ತುದಿಯಲ್ಲಿ ಕ್ರ್ಯಾಂಕ್ ಎಂಬ ತುಂಡು ಕೂತಿರುತ್ತದೆ. ಕ್ರ್ಯಾಂಕಿನಿಂದ ಫ್ಯಾನಿನ ಕತ್ತಿಗೆ ಒಂದು ಲೋಹದ ಪಟ್ಟಿ ಇದೆ, ಅದು ಲಿಂಕ್. ಕ್ರ್ಯಾಂಕ್ ಸುತ್ತಿದಂತೆ ಲಿಂಕ್ ಒಮ್ಮೆ ತಳ್ಳುತ್ತದೆ, ಒಮ್ಮೆ ಎಳೆಯುತ್ತದೆ. ತಲೆ ಎಡಕ್ಕೂ ಬಲಕ್ಕೂ ಹೊರಳುವುದು ಹೀಗೆ.

ಲೆಕ್ಕ ನೋಡಿ. ರೆಕ್ಕೆ ನಿಮಿಷಕ್ಕೆ 1300 ಸುತ್ತು ತಿರುಗುತ್ತದೆ, ಚಕ್ರಕ್ಕೆ 40 ಹಲ್ಲು ಇದೆ ಎಂದುಕೊಳ್ಳಿ. ಆಗ ನಾಬ್ ನಿಮಿಷಕ್ಕೆ ಸುಮಾರು 32 ಸುತ್ತು ತಿರುಗುತ್ತದೆ. ಮುಂದಿನ ಗೇರಿನಲ್ಲಿ ವೇಗ ಇನ್ನೂ ಐದು ಪಟ್ಟು ಕಡಿಮೆಯಾದರೆ ತಲೆ ನಿಮಿಷಕ್ಕೆ ಸುಮಾರು ಆರು ಸಲ ಹೋಗಿ ಬರುತ್ತದೆ.

ಇನ್ನು ಕ್ಲಚ್. ಕಡ್ಡಿಗೂ ಚಕ್ರಕ್ಕೂ ನಡುವೆ ಸ್ಪ್ರಿಂಗ್ ಒತ್ತಡದಲ್ಲಿ ಎರಡು ಸಣ್ಣ ಉಕ್ಕಿನ ಗುಂಡುಗಳಿರುತ್ತವೆ. ನಾಬ್ ಒತ್ತಿದಾಗ ಗುಂಡುಗಳು ಚಕ್ರದ ಒಳಗಿನ ಗುಳಿಗಳಲ್ಲಿ ಕೂರುತ್ತವೆ, ಕಡ್ಡಿಯೂ ಚಕ್ರವೂ ಒಟ್ಟಿಗೆ ತಿರುಗುತ್ತವೆ. ನಾಬ್ ಎಳೆದಾಗ ಗುಂಡುಗಳು ಗುಳಿಯಿಂದ ಹೊರಬರುತ್ತವೆ, ಚಕ್ರ ಮಾತ್ರ ಸುತ್ತುತ್ತಿರುತ್ತದೆ. ಗುಂಡುಗಳಿಗೆ ಇನ್ನೊಂದು ಕೆಲಸವೂ ಇದೆ. ತಲೆ ಗೋಡೆಗೋ ಪರದೆಗೋ ತಾಗಿ ನಿಂತರೆ ಅವು ಗುಳಿ ಹಾರಿ ಜಾರುತ್ತವೆ. ಹಾಗೆ ಜಾರುವುದರಿಂದಲೇ ಹಲ್ಲು ಮುರಿಯದೆ ಉಳಿಯುತ್ತದೆ. 'ಟಕ್, ಟಕ್' ಎಂದು ಕೇಳುವ ಸದ್ದು ಅದೇ.

ಬಿಚ್ಚುವ ಮೊದಲಿನ ಪರೀಕ್ಷೆ

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಮುಂದಿನ ಜಾಲರಿ ತೆಗೆಯಿರಿ. ನಾಬ್ ಪೂರ್ತಿ ಕೆಳಕ್ಕೆ ಒತ್ತಿ, ಅದರ ಮೇಲೆ ಪೆನ್ನಿನಲ್ಲಿ ಒಂದು ಗುರುತು ಹಾಕಿ. ಈಗ ರೆಕ್ಕೆಯನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ. ಚಕ್ರಕ್ಕೆ 40 ಹಲ್ಲು ಇದ್ದರೆ ಗುರುತು ಕಾಲು ಸುತ್ತು ಸರಿಯಬೇಕು. ನಿಮ್ಮ ಫ್ಯಾನಿನಲ್ಲಿ ಹಲ್ಲುಗಳು ಸ್ವಲ್ಪ ಹೆಚ್ಚು ಕಡಿಮೆ ಇರಬಹುದು. ಗುರುತು ಒಂದೇ ಸಮನೆ ಸರಿಯುತ್ತದೆಯೇ ಎಂಬುದೇ ಮುಖ್ಯ.

ಮೂರರಲ್ಲಿ ಒಂದು ಕಾಣುತ್ತದೆ.

ಒಂದು, ಗುರುತು ಸರಿಯುತ್ತದೆ, ತಲೆ ಮಾತ್ರ ಅಲುಗುವುದಿಲ್ಲ. ಅಂದರೆ ಚಕ್ರವೂ ಕ್ಲಚ್ಚೂ ಸರಿಯಾಗಿವೆ. ದೋಷ ಕೆಳಗಿದೆ. ಫ್ಯಾನನ್ನು ಓರೆ ಮಾಡಿ ಗೇರ್ ಬಾಕ್ಸಿನ ತಳದಲ್ಲಿ ನೋಡಿ. ಕ್ರ್ಯಾಂಕಿನ ಸ್ಕ್ರೂ ಸಡಿಲವಾಗಿರಬಹುದು, ಲಿಂಕ್ ಕಳಚಿರಬಹುದು. ಹಾಗಿದ್ದರೆ ಒಂದು ಸ್ಕ್ರೂಡ್ರೈವರಿನಲ್ಲಿ ಕೆಲಸ ಮುಗಿಯುತ್ತದೆ. ಅವೆರಡೂ ಗಟ್ಟಿಯಾಗಿದ್ದರೆ ಒಳಗಿನ ದೊಡ್ಡ ಗೇರಿನ ಹಲ್ಲು ಹೋಗಿದೆ.

ಎರಡು, ಗುರುತು ಅಲುಗುವುದೇ ಇಲ್ಲ, 'ಟಕ್' ಸದ್ದೂ ಇಲ್ಲ. ಚಕ್ರದ ಹಲ್ಲು ಸವೆದಿರುವ ಸಂಭವವೇ ಹೆಚ್ಚು. ಸ್ಪ್ರಿಂಗ್ ಮುರಿದು ಗುಂಡುಗಳು ಸಡಿಲವಾಗಿದ್ದರೂ ಹೀಗಾಗಬಹುದು.

ಮೂರು, ಗುರುತು ನಿಂತಲ್ಲೇ ಸ್ವಲ್ಪ ಅದುರುತ್ತದೆ, 'ಟಕ್' ಎನ್ನುತ್ತದೆ. ಕ್ಲಚ್ ಜಾರುತ್ತಿದೆ.

ಕ್ಲಚ್ ಜಾರಿದರೆ ದೋಷ ಕ್ಲಚ್ಚಿನದೇ?

ಅವಸರದಲ್ಲಿ ಹಾಗೆಂದುಕೊಂಡು ಗೇರ್ ಬಾಕ್ಸ್ ಬದಲಿಸುವವರಿದ್ದಾರೆ. ಒಂದು ಉದಾಹರಣೆ ನೋಡೋಣ. ಅಡುಗೆಮನೆಯಲ್ಲಿಟ್ಟ 400 ಮಿಲಿಮೀಟರ್, ಅಂದರೆ 16 ಇಂಚಿನ ಫ್ಯಾನ್. ಬಲಕ್ಕೆ ಹೋಗುತ್ತದೆ, ಎಡಕ್ಕೆ ಬರುವಾಗ ಅರ್ಧದಲ್ಲಿ ನಿಂತು ಟಕ್ ಟಕ್ ಎನ್ನುತ್ತದೆ. ಕ್ಲಚ್ ನಿಜಕ್ಕೂ ಸವೆದಿದ್ದರೆ ಎರಡೂ ಕಡೆ ಜಾರಬೇಕಿತ್ತು. ಒಂದೇ ಜಾಗದಲ್ಲಿ ಜಾರುತ್ತಿದೆ ಎಂದರೆ ಆ ಜಾಗದಲ್ಲಿ ಏನೋ ತಡೆಯುತ್ತಿದೆ.

ಖಚಿತಪಡಿಸಿಕೊಳ್ಳಲು ಲಿಂಕಿನ ಒಂದು ತುದಿಯ ಸ್ಕ್ರೂ ಬಿಚ್ಚಿ. ಈಗ ಗೇರ್ ಬಾಕ್ಸಿಗೂ ಕತ್ತಿಗೂ ಸಂಬಂಧ ತಪ್ಪಿತು. ತಲೆಯನ್ನು ಒಂದು ಬೆರಳಿನಿಂದ ತಳ್ಳಿ ನೋಡಿ. ಸರಾಗವಾಗಿ ಎರಡೂ ಕಡೆ ಹೊರಳಬೇಕು. ಈ ಫ್ಯಾನಿನಲ್ಲಿ ಎಡಕ್ಕೆ ಬರುವಾಗ ಕತ್ತು ಬಿಗಿಯಾಗಿತ್ತು. ಒಗ್ಗರಣೆಯ ಜಿಡ್ಡಿಗೆ ಧೂಳು ಸೇರಿ ಕತ್ತಿನ ಪಿನ್ನಿನ ಸುತ್ತ ಮೇಣದಂತೆ ಕೂತಿತ್ತು, ಪಿನ್ನಿಗೆ ತುಕ್ಕೂ ಹಿಡಿದಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ತಲೆಯನ್ನು ಹತ್ತಿಪ್ಪತ್ತು ಸಲ ಆಚೀಚೆ ಹೊರಳಿಸಿದರೆ ಸಾಕಾಯಿತು. ಹೊಸ ಬಿಡಿಭಾಗ ಯಾವುದೂ ಬೇಕಾಗಲಿಲ್ಲ.

ಇದೇ ಹೊತ್ತಿನಲ್ಲಿ ಕತ್ತಿನ ಬಳಿ ಹಾದುಹೋಗುವ ವೈರನ್ನೂ ನೋಡಿ. ತಲೆ ಹೊರಳಿದಷ್ಟೂ ಅದು ಮಡಚಿ ಬಿಡಿಸಿಕೊಳ್ಳುತ್ತದೆ. ಮೇಲಿನ ಪದರ ಬಿರುಕು ಬಿಟ್ಟಿದ್ದರೆ ವೈರ್ ಬದಲಿಸದೆ ಫ್ಯಾನ್ ಹಾಕಬೇಡಿ.

ಕತ್ತು ಸರಾಗವಾಗಿದ್ದೂ ಕ್ಲಚ್ ಜಾರುತ್ತಿದ್ದರೆ ಮಾತ್ರ ಗೇರ್ ಬಾಕ್ಸ್ ಬಿಚ್ಚಿ.

ಗೇರ್ ಬಾಕ್ಸ್ ಬಿಚ್ಚುವ ಕ್ರಮ

ಮೊದಲು ನಾಬ್ ತೆಗೆಯಬೇಕು. ಸಾಮಾನ್ಯವಾಗಿ ಅದನ್ನು ಒಂದು ಸಣ್ಣ ಸ್ಕ್ರೂ ಹಿಡಿದಿರುತ್ತದೆ. ನಂತರ ಹಿಂದಿನ ಕವರಿನ ಸ್ಕ್ರೂ ಬಿಚ್ಚಿದರೆ ಕವರ್ ಹೊರಬರುತ್ತದೆ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕೆಪಾಸಿಟರ್ ಕಂಡರೆ ಅದರ ವೈರಿನ ತುದಿ ಮುಟ್ಟಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದು.

ಗೇರ್ ಬಾಕ್ಸಿನ ಮುಚ್ಚಳ ತೆಗೆದಾಗ ಹಳದಿಯೋ ಕಪ್ಪೋ ಆಗಿ ಗಟ್ಟಿಯಾದ ಗ್ರೀಸ್ ಕಾಣುತ್ತದೆ. ಅದನ್ನು ಕಡ್ಡಿಯಿಂದ ಕೆರೆದು ತೆಗೆಯಿರಿ. ಲಂಬ ಕಡ್ಡಿಯನ್ನು ಎಳೆಯುವಾಗ ಅಗಲವಾದ ತಟ್ಟೆಯ ಮೇಲೆ ಬಟ್ಟೆ ಹಾಸಿಕೊಳ್ಳಿ. ಇಲ್ಲದಿದ್ದರೆ ಸ್ಪ್ರಿಂಗಿನ ಒತ್ತಡಕ್ಕೆ ಗುಂಡುಗಳು ಎಗರಿ ಮಂಚದಡಿ ಸೇರುತ್ತವೆ.

ಈಗ ಚಕ್ರ ಕೈಗೆ ಬಂತು. ಹೊರಗಿನ ಹಲ್ಲುಗಳ ಮೇಲೆ ಉಗುರು ಆಡಿಸಿ. ನಡುವೆ ತೋಡು ಬಿದ್ದು ಹಲ್ಲು ತೆಳುವಾಗಿದ್ದರೆ, ಒಂದೆರಡು ಮುರಿದಿದ್ದರೆ, ಚಕ್ರ ಬದಲಿಸಲೇಬೇಕು. ಒಳಗಿನ ಗುಳಿಗಳ ಅಂಚು ದುಂಡಗಾಗಿದ್ದರೆ ಕ್ಲಚ್ ಜಾರಿದ್ದಕ್ಕೆ ಅದೇ ಕಾರಣ, ಆಗಲೂ ಚಕ್ರವೇ ಬದಲಾಗಬೇಕು. ಸ್ಪ್ರಿಂಗ್ ಮಾತ್ರ ಸೋತಿದ್ದರೆ ಅದನ್ನಷ್ಟೇ ಹಾಕಿಸಿ. ಕ್ಲಚ್ ಜಾರದಂತೆ ಅಂಟು ಹಾಕಿ ಬಿಗಿಯುವ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ. ತಲೆ ಮುಂದಿನ ಸಲ ಗೋಡೆಗೆ ತಾಗಿದಾಗ ಹೊಸ ಹಲ್ಲುಗಳೇ ಮುರಿಯುತ್ತವೆ.

ಜೋಡಿಸುವಾಗ ಹಲ್ಲುಗಳಿಗೆ ಸವರುವಷ್ಟು ಹೊಸ ಗ್ರೀಸ್ ಸಾಕು. ಗೇರ್ ಬಾಕ್ಸ್ ಭರ್ತಿ ತುಂಬಿದರೆ ಬಿಸಿಗೆ ಕರಗಿ ಮೋಟರಿನೊಳಗೆ ಇಳಿಯುತ್ತದೆ. ಕೊಬ್ಬರಿ ಎಣ್ಣೆ ಬೇಡ. ಚಳಿಗೆ ಹೆಪ್ಪುಗಟ್ಟುತ್ತದೆ, ಕ್ರಮೇಣ ಅಂಟಾಗುತ್ತದೆ.

ಮೋಟರಿನ ಕಡೆ ನೋಡಬೇಕಾದದ್ದು

ಗೇರ್ ಬಾಕ್ಸ್ ಬಿಚ್ಚಿದಾಗ ಶಾಫ್ಟಿನ ವರ್ಮ್ ತುದಿ ಹೊರಗೆ ಕಾಣುತ್ತದೆ. ಅದನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಮುಂದಕ್ಕೂ ಹಿಂದಕ್ಕೂ ಕೂದಲೆಳೆಯಷ್ಟು ಸರಿಯುವುದು ಸಹಜ. ಮೇಲೆ ಕೆಳಗೆ ಕಣ್ಣಿಗೆ ಕಾಣುವಷ್ಟು ಆಡಿದರೆ ಹಿಂದಿನ ಬುಷ್, ಅಂದರೆ ಶಾಫ್ಟ್ ಕೂರುವ ಲೋಹದ ಬಳೆ, ಸವೆದಿದೆ. ಹೊಸ ಚಕ್ರ ಹಾಕಿ ಕೆಲವೇ ತಿಂಗಳಲ್ಲಿ ಮತ್ತೆ ಹಲ್ಲು ಹೋಯಿತು ಎನ್ನುವವರ ಫ್ಯಾನಿನಲ್ಲಿ ಇದನ್ನು ನೋಡಿ. ವರ್ಮ್ ಓಲಾಡುತ್ತ ಹಲ್ಲುಗಳ ತುದಿಯನ್ನಷ್ಟೇ ಕಚ್ಚಿ ಅವನ್ನು ಕೆರೆದುಹಾಕುತ್ತದೆ. ಆಗ ಬುಷ್ ಮತ್ತು ಚಕ್ರ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಬುಷ್ ಕೂರಿಸುವುದು ಮನೆಯ ಕೆಲಸವಲ್ಲ, ರಿವೈಂಡಿಂಗ್ ಅಂಗಡಿಗೆ ಕೊಡಿ.

ರೆಕ್ಕೆಯೇ ನಿಧಾನವಾಗಿದ್ದರೆ ವಿಷಯ ಬೇರೆ. ಕೈಯಿಂದ ತಿರುಗಿಸಿದಾಗ ಬಿಗಿ ಎನಿಸಿದರೆ ಬುಷ್ಷಿಗೆ ಎಣ್ಣೆ ಬೇಕು. ಹಗುರಾಗಿ ತಿರುಗಿಯೂ ಕರೆಂಟಿನಲ್ಲಿ ಗುಂಯ್‌ಗುಟ್ಟಿದರೆ ಕೆಪಾಸಿಟರ್ ಬದಲಿಸಿ, ಹಳೆಯದರ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಅಳತೆಯದ್ದನ್ನೇ ಹಾಕಿ. ಸುಟ್ಟ ವಾಸನೆ ಬಂದರೆ ವೈಂಡಿಂಗ್ ಹೋಗಿದೆ.

ನಾಬ್ ಇಲ್ಲದೆ ಬೇರೆ ಸ್ವಿಚ್ಚಿನಿಂದ ಕತ್ತು ತಿರುಗಿಸುವ ಫ್ಯಾನುಗಳಲ್ಲಿ ಈ ಗೇರ್ ಬಾಕ್ಸ್ ಇರುವುದಿಲ್ಲ. ಬಿಲ್ಲೆಯಾಕಾರದ ಪುಟ್ಟ ಸಿಂಕ್ರೊನಸ್ ಮೋಟರ್ ಇರುತ್ತದೆ. ಅದನ್ನು 'ಸ್ವಿಂಗ್ ಮೋಟರ್' ಎಂದು ಕೇಳಿದರೆ ಕೊಡುತ್ತಾರೆ. ವೋಲ್ಟ್ ಮತ್ತು ನಿಮಿಷದ ಸುತ್ತಿನ ಅಳತೆ ಅದರ ಮೇಲೆಯೇ ಬರೆದಿರುತ್ತದೆ. ಅದರ ಒಳಗೆ ರಿಪೇರಿ ಮಾಡುವಂಥದ್ದೇನಿಲ್ಲ, ಇಡಿಯಾಗಿ ಬದಲಿಸುವುದೇ ಸರಿ.

ಖರ್ಚು ಎಷ್ಟು, ಎಲ್ಲಿ ಸಿಗುತ್ತದೆ?

ಚಕ್ರ ಒಂದನ್ನೇ ಕೊಂಡರೆ ಕೆಲವು ಹತ್ತರ ನೋಟುಗಳ ಮಾತು. ಇಡೀ ಗೇರ್ ಬಾಕ್ಸ್ ಆದರೆ ಸಾಮಾನ್ಯವಾಗಿ ನೂರರಿಂದ ಮುನ್ನೂರು ರೂಪಾಯಿಯೊಳಗೆ, ಕೂಲಿ ಬೇರೆ. ಕಂಪನಿ ಮತ್ತು ಊರು ನೋಡಿ ದರ ಬದಲಾಗುತ್ತದೆ. ಬೆಂಗಳೂರಿನವರು ಎಸ್.ಪಿ. ರಸ್ತೆಯ ಸುತ್ತಮುತ್ತ ಹುಡುಕಬಹುದು. ಬೇರೆ ಊರುಗಳಲ್ಲಿ ಪೇಟೆಯ ಎಲೆಕ್ಟ್ರಿಕಲ್ ಅಂಗಡಿಗಿಂತ ಮೋಟರ್ ರಿವೈಂಡಿಂಗ್ ಮಾಡುವವರ ಬಳಿ ಸಿಗುವ ಸಂಭವ ಹೆಚ್ಚು. ಅವರ ಹಳೆಯ ಫ್ಯಾನುಗಳ ರಾಶಿಯಲ್ಲಿ ಹೊಂದುವ ಚಕ್ರ ಇದ್ದರೂ ಇರಬಹುದು.

ಕಂಪನಿಯ ಹೆಸರು ಹೇಳಿ ಕೇಳಿದರೆ ಸಾಲದು, ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಹಲ್ಲು ಬೇರೆಯಾಗಿರುತ್ತದೆ. ಹಳೆಯ ಚಕ್ರವನ್ನೂ ಲಂಬ ಕಡ್ಡಿಯನ್ನೂ ಜೊತೆಗೆ ಒಯ್ಯಿರಿ. ಮೂರು ವಿಷಯ ತಾಳೆಯಾಗಬೇಕು: ಹಲ್ಲುಗಳ ಎಣಿಕೆ, ಹೊರಗಿನ ಅಗಲ, ನಡುವಿನ ತೂತು. ಹಲ್ಲುಗಳು ವಾಲಿರುವ ದಿಕ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎದುರು ದಿಕ್ಕಿಗೆ ವಾಲಿದ ಚಕ್ರ ವರ್ಮಿಗೆ ಕಚ್ಚುವುದಿಲ್ಲ.

ಬುಷ್, ವೈಂಡಿಂಗ್, ಗೇರ್ ಬಾಕ್ಸ್ ಮೂರೂ ಒಟ್ಟಿಗೆ ಹೋಗಿದ್ದರೆ ರಿಪೇರಿಯ ಖರ್ಚು ಹೊಸ ಫ್ಯಾನಿನ ಬೆಲೆಯ ಹತ್ತಿರ ಬರುತ್ತದೆ. ಬರೀ ಚಕ್ರ ಹೋಗಿದ್ದರೆ ಫ್ಯಾನ್ ಬಿಸಾಡಲು ಕಾರಣವಿಲ್ಲ. ಹೊಸ ಚಕ್ರ ಬಹುಕಾಲ ಬಾಳಬೇಕೆಂದರೆ ನಾಬ್ ಒತ್ತಿರುವಾಗ ತಲೆಯನ್ನು ಕೈಯಿಂದ ತಿರುಗಿಸಬೇಡಿ. ನಾಬ್ ಎಳೆದು, ಆಮೇಲೆ ಬೇಕಾದ ಕಡೆ ಮುಖ ಮಾಡಿಸಿ. ಫ್ಯಾನ್ ಎತ್ತುವಾಗಲೂ ತಲೆ ಹಿಡಿಯದೆ ಕಂಬವನ್ನೇ ಹಿಡಿಯಿರಿ.