ಏಳನೇ ಸಾಲು ಮತ್ತು ಹಣೆಯ ನೆರಿಗೆ

ಬೆಳಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯ ತುಟಿಯಂಚಿನಿಂದ ಸೋರುತ್ತದೆ. ಕನ್ನಡಿ ನೋಡಿದರೆ ಬಾಯಿ ಎಡಕ್ಕೆ ಸೊಟ್ಟಗಾಗಿದೆ. ಮನೆಯವರು ‘ಲಕ್ವ ಹೊಡೆದಿದೆ’ ಎಂದು ಗಾಬರಿಬಿದ್ದು ಆಸ್ಪತ್ರೆಗೆ ಕರೆತರುತ್ತಾರೆ. ಅಲ್ಲಿ ವೈದ್ಯರು ಬಾಯಿಯ ಮಾತೆತ್ತದೆ, ‘ಎಲ್ಲಿ, ಹುಬ್ಬು ಮೇಲೆತ್ತಿ ನೋಡೋಣ’ ಎನ್ನುತ್ತಾರೆ. ಸೊಟ್ಟಗಾದದ್ದು ಬಾಯಿ, ನೋಡುವುದು ಹಣೆಯನ್ನು! ಇದೇಕೆಂಬುದು ವೈದ್ಯ ವಿದ್ಯಾರ್ಥಿಯ ನೋಟ್‌ಬುಕ್ಕಿನಲ್ಲಿ, ಕಪಾಲ ನರಗಳ ಕೋಷ್ಟಕದ ಏಳನೇ ಸಾಲಿನಲ್ಲಿ ಇರಬೇಕು. ಆ ಸಾಲನ್ನು ಸರಿಯಾಗಿ ಬರೆದುಕೊಂಡಿದ್ದರೆ ಇರುತ್ತದೆ.

ಮಿದುಳಿನಿಂದ ನೇರವಾಗಿ ಹೊರಡುವ ಈ ನರಗಳು 12 ಜೋಡಿ. ಇಂದಿನ ಎಣಿಕೆಯನ್ನು 1778ರಲ್ಲಿ ಜರ್ಮನಿಯ ಸೊಮ್ಮರಿಂಗ್ ತನ್ನ ಪ್ರಬಂಧದಲ್ಲಿ ಕೊಟ್ಟ. ವಿದ್ಯಾರ್ಥಿಗಳು ಸಾಮಾನ್ಯವಾಗಿ 12 ಸಾಲು ಎಳೆದು ನರಕೇಂದ್ರ, ಕೆಲಸ, ಪರೀಕ್ಷೆ, ಪೆಟ್ಟಾದರೆ ಏನು ಎಂದು ನಾಲ್ಕು ಕಾಲಂ ಮಾಡುತ್ತಾರೆ. ಏಳನೆಯದಾದ ಮುಖದ ನರಕ್ಕೆ ‘ಪಾನ್ಸ್, ಮುಖದ ಸ್ನಾಯುಗಳು, ಹಲ್ಲು ತೋರಿಸಲು ಹೇಳಿ, ಬಾಯಿ ಸೊಟ್ಟ’ ಎಂದು ತುಂಬಿಸುತ್ತಾರೆ. ಒಂದೊಂದು ಮನೆಯಲ್ಲಿರುವುದೂ ನಿಜವೇ. ಆದರೆ ಪಕ್ಕದ ಮನೆಗೂ ಅದಕ್ಕೂ ಮಾತುಕತೆ ಇಲ್ಲ.

ಮೊದಲನೆಯದಾಗಿ, ಈ ನರಕ್ಕೆ ಕೇಂದ್ರ ಒಂದೇ ಅಲ್ಲ. ಮುಖದ ಸ್ನಾಯುಗಳನ್ನು ಆಡಿಸುವ ಕೇಂದ್ರ ಮಿದುಳುಕಾಂಡದ ಪಾನ್ಸ್ ಭಾಗದಲ್ಲಿದೆ. ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿ ಇನ್ನೊಂದು ಕೇಂದ್ರಕ್ಕೆ ಹೋಗುತ್ತದೆ. ಕಣ್ಣೀರು, ಜೊಲ್ಲು ಸುರಿಸುವ ಆಜ್ಞೆ ಮೂರನೆಯದರಿಂದ ಬರುತ್ತದೆ. (ಕಿವಿಯ ಬಳಿಯ ಚೂರು ಚರ್ಮದ ಸ್ಪರ್ಶವನ್ನು ಸದ್ಯ ಬಿಡೋಣ.) ಹಾಗಾಗಿ ಏಳನೇ ಸಾಲನ್ನೇ ಮೂರು ಕಿರುಸಾಲುಗಳಾಗಿ ಸೀಳಬೇಕು. ಆಗ ರುಚಿಯ ಎದುರಿಗೆ ಅದರದೇ ಪರೀಕ್ಷೆ ಬಂದು ಕೂರುತ್ತದೆ: ಚಾಚಿದ ನಾಲಿಗೆಯ ಒಂದು ಪಕ್ಕಕ್ಕೆ ಸಕ್ಕರೆ ಅಥವಾ ಉಪ್ಪಿನ ನೀರು ಸವರಿ, ನಾಲಿಗೆ ಒಳಗೆಳೆದುಕೊಳ್ಳದೆ ಬೆರಳಿನಿಂದಲೇ ಉತ್ತರ ತೋರಿಸಲು ಹೇಳುವುದು.

ಇನ್ನು ಹಣೆಯ ಗುಟ್ಟು. ಸ್ನಾಯುಕೇಂದ್ರದಲ್ಲಿ ಹಣೆಯನ್ನು ನೋಡಿಕೊಳ್ಳುವ ಭಾಗಕ್ಕೆ ಮಿದುಳಿನ ಎಡ ಬಲ ಎರಡೂ ಕಡೆಯಿಂದ ಆಜ್ಞೆ ಬರುತ್ತದೆ. ಬಾಯಿಯನ್ನು ನೋಡಿಕೊಳ್ಳುವ ಭಾಗಕ್ಕೆ ಬಹುಮಟ್ಟಿಗೆ ಎದುರು ಬದಿಯಿಂದ ಮಾತ್ರ. ಆದ್ದರಿಂದ ಕೊನೆಯ ಕಾಲಮ್ಮನ್ನು ನಾನಾದರೆ ಕೇಂದ್ರಕ್ಕಿಂತ ಮೇಲೆ, ಕೇಂದ್ರದಲ್ಲೇ, ಕೇಂದ್ರದಿಂದ ಹೊರಬಿದ್ದ ಮೇಲೆ ಎಂದು ಮೂರು ಮಾಡುತ್ತೇನೆ. ಎಡ ಮಿದುಳಿಗೆ ಪಾರ್ಶ್ವವಾಯು ಬಡಿದರೆ ಬಲಗಡೆಯ ಬಾಯಿ ಸೋಲುತ್ತದೆ, ಹಣೆಯಲ್ಲಿ ನೆರಿಗೆ ಮೂಡುತ್ತದೆ. ಹೊರಬಿದ್ದ ನರಕ್ಕೇ ಪೆಟ್ಟಾದರೆ ಅದೇ ಬದಿಯ ಹಣೆ, ಕಣ್ಣು, ಬಾಯಿ ಎಲ್ಲವೂ ಸೋಲುತ್ತವೆ. ನಡುವಿನ ಮನೆ ಸ್ವಾರಸ್ಯದ್ದು. ಈ ನರದ ಎಳೆಗಳು ಹೊರಡುವ ಮುನ್ನ ಆರನೇ ನರದ ಕೇಂದ್ರಕ್ಕೆ ಸುತ್ತು ಹಾಕುತ್ತವೆ. ಅಲ್ಲಿ ಬಲಗಡೆ ಪೆಟ್ಟಾದರೆ ಬಲಮುಖದ ಜೊತೆಗೆ ಎರಡೂ ಕಣ್ಣು ಬಲಕ್ಕೆ ಹೊರಳಲಾರವು.

ನಮ್ಮ ರೋಗಿ ಹುಬ್ಬು ಎತ್ತಿದಾಗ ಬಲಹಣೆ ನುಣುಪಾಗಿಯೇ ಉಳಿಯುತ್ತದೆ. ಬಲಗಣ್ಣು ಪೂರ್ತಿ ಮುಚ್ಚುವುದಿಲ್ಲ. ಮುಚ್ಚಲು ಹೋದರೆ ಗುಡ್ಡೆ ಮೇಲಕ್ಕೆ ಹೊರಳಿ ಬಿಳಿ ಕಾಣುತ್ತದೆ. ಕಣ್ಣಿನ ಚಲನೆ, ಕೈಕಾಲಿನ ಬಲ, ಮಾತಿನ ಪದಬಳಕೆ ಸರಿಯಿವೆ. ಅಂದಮೇಲೆ ಪೆಟ್ಟು ಮೂರನೇ ಮನೆಯದು. ಬಲಗಿವಿಗೆ ಪಾತ್ರೆಯ ಸದ್ದು ಕರ್ಕಶವಾಗಿ ಕೇಳುತ್ತಿದೆ, ಬಲಪಕ್ಕದ ನಾಲಿಗೆಗೆ ರುಚಿ ಇಲ್ಲ ಎಂದೂ ಅವರು ಹೇಳಿದರೆ ಇನ್ನೊಂದು ಸುಳಿವು ಸಿಕ್ಕಂತೆ. ಸದ್ದನ್ನು ತಗ್ಗಿಸುವ ಕಿವಿಯೊಳಗಿನ ಪುಟ್ಟ ಸ್ನಾಯುವಿನ ಕವಲು, ಅದರ ಕೆಳಗೆ ರುಚಿಯ ಕವಲು, ಎರಡೂ ಕಿವಿಯ ಹಿಂದಿನ ಮೂಳೆಯ ಕೊಳವೆಯಲ್ಲಿ ಒಡೆಯುತ್ತವೆ. ಅವುಗಳಿಗಿಂತ ಮೇಲೆಯೇ ನರ ಸೋತಿರಬೇಕು. ಈ ಲೆಕ್ಕ ರೋಗಿಯ ಮುಂದೆ ಯಾವಾಗಲೂ ಕರಾರುವಾಕ್ಕಾಗಿ ಕೂಡಿಬರುವುದಿಲ್ಲ, ಅದು ಬೇರೆ ಮಾತು. ಕಿವಿಯಲ್ಲಿ ಸರ್ಪಸುತ್ತಿನ ಗುಳ್ಳೆಗಳಿಲ್ಲ, ಬೇರೆ ಕಾರಣವೂ ಕಾಣದು ಎಂದಾದರೆ ಇದು ಬೆಲ್ಸ್ ಪಾಲ್ಸಿ. ಶುರುವಾದ 72 ಗಂಟೆಯೊಳಗೆ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ಮುಚ್ಚದ ಕಣ್ಣು ಒಣಗದಂತೆ ಹಗಲು ಹನಿ ಹಾಕಿ, ರಾತ್ರಿ ಟೇಪು ಅಂಟಿಸುತ್ತಾರೆ.

ಮನೆಯಲ್ಲಿ ಹಣೆಯೊಂದನ್ನೇ ನೋಡಿ ತೀರ್ಮಾನಿಸಲು ಮಾತ್ರ ಹೋಗಬಾರದು. ಪಾನ್ಸ್‌ನೊಳಗಿನ ಸಣ್ಣ ಪಾರ್ಶ್ವವಾಯು ಕೂಡ ಹಣೆಯನ್ನು ಸೋಲಿಸಬಲ್ಲದು. ನೋಟ್ಸಿನಲ್ಲಿ ಆಗುವ ತಪ್ಪು ಇನ್ನೊಂದು ಬಗೆಯದು: ‘ಬಾಯಿ ಎಡಕ್ಕೆ’ ಎಂದು ಬರೆದುಕೊಂಡವರು ಪರೀಕ್ಷೆಯ ಹೊತ್ತಿಗೆ ಎಡ ನರವೇ ಸೋತಿದೆ ಎಂದುಬಿಡುತ್ತಾರೆ. ಎಳೆಯುವುದು ಬಲವಿರುವ ಬದಿ, ಸೋತದ್ದು ಎದುರಿನದು. ಹತ್ತಿಯ ಎಳೆಯಿಂದ ಕಣ್ಣಿನ ಕಾರ್ನಿಯಾ ಮುಟ್ಟಿ ರೆಪ್ಪೆ ಬಡಿಯುವುದನ್ನು ನೋಡುವ ಪರೀಕ್ಷೆಯನ್ನು ಎಲ್ಲಿ ಬರೆಯಬೇಕು ಎಂದು ಹಲವರು ಕೇಳುತ್ತಾರೆ. ಮುಟ್ಟಿದ ಸುದ್ದಿ ಒಯ್ಯುವುದು ಐದನೇ ನರ, ರೆಪ್ಪೆ ಮುಚ್ಚಿಸುವುದು ಏಳನೆಯದು. ಎರಡೂ ಸಾಲಿನಲ್ಲಿ ಬರೆದು ನಡುವೆ ಒಂದು ಬಾಣದ ಗೆರೆ ಎಳೆದರಾಯಿತು.