ಐವತ್ತು ಹುಳು, ನಾಲ್ಕು ವಾರ, ಒಂದು ಲೆಕ್ಕ

ಅಕ್ಕಿ, ಗೋಧಿ ಡಬ್ಬಿಯಲ್ಲಿ ಹರಿದಾಡುವ, ಮುಂದಕ್ಕೆ ಸೊಂಡಿಲು ಚಾಚಿದ ಕಂದು ಹುಳುವನ್ನು ನೋಡದ ಅಡುಗೆಮನೆ ಇಲ್ಲ. ಅದರ ಮೇಲೊಂದು ಲೆಕ್ಕ ಹೀಗಿದೆ ಎಂದುಕೊಳ್ಳೋಣ: ಧಾನ್ಯದಲ್ಲಿ 50 ಹುಳುಗಳಿದ್ದವು, ನಾಲ್ಕು ವಾರದ ಬಳಿಕ 1,045 ಆದವು. ಆಹಾರಕ್ಕೆ, ಜಾಗಕ್ಕೆ ಕೊರತೆಯಿಲ್ಲ. ಸ್ವಾಭಾವಿಕ ಹೆಚ್ಚಳದ ದರ ಎಷ್ಟು? ಸಂಖ್ಯೆ ಇಮ್ಮಡಿಯಾಗಲು ಎಷ್ಟು ಕಾಲ ಬೇಕು?

ಅನೇಕ ವಿದ್ಯಾರ್ಥಿಗಳು ಬಡ್ಡಿ ಲೆಕ್ಕದ ಹಾದಿ ಹಿಡಿಯುತ್ತಾರೆ. ಹೆಚ್ಚಿದ್ದು 995, ಅದನ್ನು 50ರಿಂದ ಭಾಗಿಸಿದರೆ 19.9, ಮತ್ತೆ ನಾಲ್ಕು ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 4.98. ಇದನ್ನೇ r ಎಂದು ನಂಬಿ ಮುಂದುವರಿದರೆ ಸಂಖ್ಯೆ ದಿನಕ್ಕೊಮ್ಮೆ ಇಮ್ಮಡಿಯಾಗಬೇಕು. ಉತ್ತರ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ತಾಳೆ ನೋಡಿದರೆ ಗುಟ್ಟು ರಟ್ಟಾಗುತ್ತದೆ. 50 ಹುಳು 28 ದಿನ ದಿನವೂ ಇಮ್ಮಡಿಯಾದರೆ ಕೊನೆಗೆ 1,300 ಕೋಟಿ ದಾಟುತ್ತವೆ! ಎಣಿಕೆಯಲ್ಲಿ ಸಿಕ್ಕಿದ್ದು ಬರೀ 1,045.

ಎಡವಟ್ಟು ಆಗಿದ್ದೆಲ್ಲಿ? ಇದು ಸರಳ ಬಡ್ಡಿಯ ಲೆಕ್ಕವಲ್ಲ. ಮೊದಲ ವಾರ ಹುಟ್ಟಿದವುಗಳೂ ಮುಂದೆ ಸಂತಾನಕ್ಕೆ ಸೇರುತ್ತವೆ. ಬಡ್ಡಿಗೆ ಬಡ್ಡಿ, ಅದೂ ಕ್ಷಣಕ್ಷಣಕ್ಕೂ. ಅದಕ್ಕೇ ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಬರುವ ಸೂತ್ರ ಬೇರೆ:

N(t) = N(0) × e^(rt)

ಇಲ್ಲಿ r ಎಂದರೆ ತಲಾ ಜನನ ದರದಿಂದ ತಲಾ ಮರಣ ದರ ಕಳೆದರೆ ಉಳಿಯುವುದು. ಅದನ್ನು ಹೊರತೆಗೆಯಲು ಸ್ವಾಭಾವಿಕ ಲಾಗರಿದಮ್ ಬೇಕು. 1,045ನ್ನು 50ರಿಂದ ಭಾಗಿಸಿದರೆ 20.9, ಅದರ ln ಬೆಲೆ 3.04; ನಾಲ್ಕು ವಾರದಿಂದ ಭಾಗಿಸಿದರೆ r = 0.76, ಪ್ರತಿ ವಾರಕ್ಕೆ.

ಇಮ್ಮಡಿಯಾಗುವ ಅವಧಿಗೆ ಆರಂಭದ ಸಂಖ್ಯೆಯ ಹಂಗಿಲ್ಲ. e^(rt) ಬೆಲೆ 2 ಆದರೆ ಸಾಕು, ಅಂದರೆ 0.693ನ್ನು r ನಿಂದ ಭಾಗಿಸಬೇಕು. ಉತ್ತರ 0.91 ವಾರ, ಸುಮಾರು ಆರೂವರೆ ದಿನ. ಈ ಬಾರಿ ತಾಳೆ ನೋಡಲು ಬೆರಳೆಣಿಕೆಯೇ ಸಾಕು: 50, 100, 200, 400, 800, 1,600. ನಾಲ್ಕು ಇಮ್ಮಡಿ ಮುಗಿದು ಐದನೆಯದು ಅರ್ಧದಾರಿಯಲ್ಲಿದೆ. 28 ದಿನದಲ್ಲಿ ನಾಲ್ಕೂವರೆಗೆ ತುಸು ಕಡಿಮೆ ಇಮ್ಮಡಿಗಳಾದರೆ, ಒಂದೊಂದಕ್ಕೂ ಆರೂವರೆ ದಿನದ ಆಸುಪಾಸು. ಸರಿಹೊಂದಿತು.

ಎಣಿಕೆಗಳು ಕಲ್ಪಿತವಾದರೂ 0.76 ಕಲ್ಪನೆಯದಲ್ಲ. ಆಸ್ಟ್ರೇಲಿಯಾದ ಚಾರ್ಲ್ಸ್ ಬರ್ಚ್ 1948ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಇದೇ ಹುಳುವಿಗೆ ಕೊಟ್ಟ ದರ ಅದು. 29 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 14 ತೇವಾಂಶದ ಗೋಧಿ. ಅವರು ಡಬ್ಬಿ ತೆರೆದು ಎರಡು ಸಲ ಎಣಿಸಿ ಇದನ್ನು ಪಡೆಯಲಿಲ್ಲ. ಯಾವ ವಯಸ್ಸಿನ ಹೆಣ್ಣು ಎಷ್ಟು ಮೊಟ್ಟೆ ಇಡುತ್ತದೆ, ಎಷ್ಟು ಬದುಕುಳಿಯುತ್ತವೆ ಎಂಬ ಪಟ್ಟಿಯಿಂದ ಲೆಕ್ಕ ಹಾಕಿದರು.

ಅದಕ್ಕೆ ಬಲವಾದ ಕಾರಣವಿದೆ. ಈ ಹುಳು ಕಾಳನ್ನು ಕೊರೆದು ಒಳಗೆ ಮೊಟ್ಟೆಯಿಟ್ಟು ತೂತು ಮುಚ್ಚುತ್ತದೆ. ಮರಿ ಅಲ್ಲೇ ತಿಂದು, ಕೋಶವಾಗಿ, ಹುಳುವಾಗಿಯೇ ಹೊರಬರುತ್ತದೆ. ಬರ್ಚ್ ಲೆಕ್ಕದ ಪ್ರಕಾರ, ಸ್ಥಿರ ದರದಲ್ಲಿ ಬೆಳೆಯುತ್ತಿರುವ ಗುಂಪಿನಲ್ಲಿ ಕಣ್ಣಿಗೆ ಕಾಣುವ ವಯಸ್ಕ ಹುಳುಗಳು ಶೇ. 5ಕ್ಕೂ ಕಡಿಮೆ; ಮಿಕ್ಕವೆಲ್ಲ ಕಾಳಿನೊಳಗೆ. ಹಾಗಾಗಿ ಬರೀ ವಯಸ್ಕ ಹುಳುಗಳನ್ನು ಬಿಟ್ಟು ಪ್ರಯೋಗ ಆರಂಭಿಸಿದರೆ ಮೊದಲ ಕೆಲವು ವಾರ ಎಣಿಕೆ ಏರುವುದೇ ಇಲ್ಲ, r ಸೊನ್ನೆಯೆಂದೇ ತೋರುತ್ತದೆ. ಆಮೇಲೆ ಒಮ್ಮೆಲೇ ಹಿಂಡು ಹೊರಬಂದು ದರ ಹುಚ್ಚಾಪಟ್ಟೆ ಏರಿದಂತೆ ಕಾಣುತ್ತದೆ. ಎರಡೂ ಸುಳ್ಳು. ಹಲವು ವಾರಗಳ ಎಣಿಕೆಯ ln ಬೆಲೆಗಳನ್ನು ಗ್ರಾಫಿನಲ್ಲಿ ಗುರುತಿಸಿದಾಗ ಗೆರೆ ನೇರವಾಗಿದ್ದ ಭಾಗಕ್ಕೆ ಮಾತ್ರ ಸೂತ್ರ ಒಪ್ಪುತ್ತದೆ. ಗೆರೆ ಬಾಗಿ ಮಟ್ಟಸವಾಗತೊಡಗಿದರೆ, ಧಾನ್ಯವೋ ಜಾಗವೋ ಸಾಲದಾಗಿದೆ ಎಂದು ಶಂಕಿಸಬೇಕು.

ಉಷ್ಣತೆಯ ಆಟವೂ ಸೋಜಿಗವೇ. 23 ಡಿಗ್ರಿಯಲ್ಲಿ ಬರ್ಚ್‌ಗೆ ಸಿಕ್ಕಿದ್ದು 0.43, ಇಮ್ಮಡಿಗೆ ಹನ್ನೊಂದು ದಿನ. ಸೆಕೆ ಹೆಚ್ಚಿದಷ್ಟೂ ಹುಳು ಹೆಚ್ಚು ಎಂದುಕೊಂಡರೆ ಅದೂ ತಪ್ಪು: 33.5 ಡಿಗ್ರಿಯಲ್ಲಿ r ಬರೀ 0.12ಕ್ಕೆ ಕುಸಿಯುತ್ತದೆ.

ಪಿಯುಸಿ ಪಠ್ಯದಲ್ಲಿ ಹಿಟ್ಟಿನ ಹುಳುವಿಗೆ ಕೊಟ್ಟಿರುವ r ಕೂಡ 0.12ವೇ. ಆದರೆ ಅದು ದಿನದ ಲೆಕ್ಕ, ಬರ್ಚ್‌ದು ವಾರದ ಲೆಕ್ಕ. ಒಂದು 5.8 ದಿನದಲ್ಲಿ ಇಮ್ಮಡಿಯಾದರೆ, ಇನ್ನೊಂದಕ್ಕೆ 5.8 ವಾರ ಬೇಕು. ಪ್ರಶ್ನೆಪತ್ರಿಕೆ ಬರೆಯುವ ಮೇಷ್ಟ್ರುಗಳು r ಪಕ್ಕದಲ್ಲಿ ‘ಪ್ರತಿ ದಿನಕ್ಕೆ’ ಅಥವಾ ‘ಪ್ರತಿ ವಾರಕ್ಕೆ’ ಎಂಬ ಎರಡು ಪದ ಸೇರಿಸಲಿ. ಉತ್ತರದಲ್ಲಿ ಅದನ್ನು ಬರೆಯದ ವಿದ್ಯಾರ್ಥಿಗೆ ಒಂದು ಅಂಕ ಕಳೆಯಲಿ.