ನೆಲ ಅಳೆದರಷ್ಟೇ ಎಸಿಯ ಟನ್ ಗೊತ್ತಾಗದು

ಎಸಿ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಕೇಳುವುದು ‘ರೂಮು ಎಷ್ಟು ಚದರಡಿ?’ ಎಂದು. 120 ಚದರಡಿಯವರೆಗೆ ಒಂದು ಟನ್, 180ರವರೆಗೆ ಒಂದೂವರೆ, ಅದರಾಚೆಗೆ ಎರಡು. ಬಾಯಿಲೆಕ್ಕಕ್ಕೆ ಇದು ತಪ್ಪಲ್ಲ. ಆದರೆ ಎಸಿ ನೆಲವನ್ನು ತಂಪು ಮಾಡುವುದಿಲ್ಲ, ಒಳಗೆ ನುಗ್ಗುವ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ. ಆ ಬಿಸಿ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ನೋಡದೆ ಟನ್ ಹೇಳುವುದು ಅರ್ಧ ಲೆಕ್ಕವೇ ಸರಿ.

ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ನಮಗೆ ಪರಿಚಿತ ಅಳತೆಯಲ್ಲಿ ಸುಮಾರು 3,500 ವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ. ಅದು ಕರೆಂಟಿನ ಖರ್ಚಲ್ಲ. ಖರ್ಚು ಇದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಇರುತ್ತದೆ.

ಕಲಬುರಗಿಯ ಒಂದು ಮನೆ ಎಂದುಕೊಳ್ಳೋಣ. ಮೊದಲ ಮಹಡಿಯಲ್ಲಿ 12 ಅಡಿಗೆ 11 ಅಡಿಯ ಬೆಡ್‌ರೂಮು, ಹತ್ತಡಿ ಎತ್ತರ, ಮೇಲೆ ಬರೀ ಆರ್‌ಸಿಸಿ ತಾರಸಿ. ಪಶ್ಚಿಮದ ಗೋಡೆಯಲ್ಲಿ ಐದಡಿ ಅಗಲ, ನಾಲ್ಕಡಿ ಎತ್ತರದ ಗಾಜಿನ ಕಿಟಕಿ. ಮೇ ತಿಂಗಳ ಮಧ್ಯಾಹ್ನ ನಾಲ್ಕು ಗಂಟೆ, ಒಳಗೆ ಇಬ್ಬರು. ಪಕ್ಕದ ಕೋಣೆಗಳ ಗೋಡೆ, ನೆಲ, ಸಂದಿಗಳಿಂದ ನುಗ್ಗುವ ಗಾಳಿ, ಫ್ಯಾನು, ಮೈಬಿಸಿ ಎಲ್ಲ ಸೇರಿ ಸುಮಾರು 1,100 ವ್ಯಾಟ್. ಪಶ್ಚಿಮದ ಗೋಡೆ ಮತ್ತು ಕಿಟಕಿಯಿಂದ ಇನ್ನೊಂದು ಸಾವಿರ. ತಾರಸಿಯೊಂದರಿಂದಲೇ 800. ಒಟ್ಟು ಮೂರು ಸಾವಿರದ ಹತ್ತಿರ. ಇದೇ ಅಳತೆಯ ಕೋಣೆ ಕೆಳಗಿನ ಮಹಡಿಯಲ್ಲಿ, ನೆರಳಿನ ಕಡೆ ಇದ್ದಿದ್ದರೆ 1,600 ಆಸುಪಾಸಿಗೆ ನಿಲ್ಲುತ್ತಿತ್ತು. ಚದರಡಿ ಒಂದೇ, ಹೊರೆ ಹೆಚ್ಚುಕಡಿಮೆ ಇಮ್ಮಡಿ.

ಮೂರು ಸಾವಿರಕ್ಕೆ 3,500 ಸಾಕಲ್ಲವೇ ಎನ್ನಬಹುದು. ಆದರೆ ಎಸಿಯ ಸಾಮರ್ಥ್ಯವನ್ನು ಅಳೆಯುವುದು ಹೊರಗೆ 35 ಡಿಗ್ರಿ ಇರುವಾಗ. ಹೊರಗೆ 43 ಆದಾಗ ಔಟ್‌ಡೋರ್ ಯೂನಿಟ್ಟಿಗೆ ಶಾಖ ಚೆಲ್ಲುವುದೇ ಕಷ್ಟವಾಗಿ, ಶಕ್ತಿ ಹತ್ತನೇ ಒಂದು ಭಾಗದಷ್ಟು ಕುಗ್ಗಬಹುದು. ಜೊತೆಗೆ ‘ಒಂದು ಟನ್’ ಎಂದು ಮಾರುವ ಎಲ್ಲ ಎಸಿಗಳೂ ಪೂರ್ತಿ 3,500 ವ್ಯಾಟ್ ಕೊಡುವುದಿಲ್ಲ. ಸ್ಟಾರ್ ಲೇಬಲ್ಲಿನಲ್ಲಿ ಕೂಲಿಂಗ್ ಸಾಮರ್ಥ್ಯವನ್ನು ವ್ಯಾಟಿನಲ್ಲೇ ಬರೆದಿರುತ್ತಾರೆ. ಡಬ್ಬದ ಮೇಲಿನ ಟನ್ನಿಗಿಂತ ನಾನು ಅದನ್ನೇ ನಂಬುತ್ತೇನೆ. ಈ ಕೋಣೆಯಲ್ಲಿ ಮಧ್ಯಾಹ್ನವೂ ಮಲಗುವವರಿದ್ದರೆ ಒಂದೂವರೆ ಟನ್ ಬೇಕು. ಕೆಳಗಿನ ಕೋಣೆಗೆ ಒಂದು ಟನ್ ಧಾರಾಳ.

ಬರೀ ರಾತ್ರಿ ಬಳಸುವುದಾದರೆ? ಹತ್ತು ಗಂಟೆಗೆ ಕಿಟಕಿಯ ಬಿಸಿಲಿರುವುದಿಲ್ಲ. ತಾರಸಿ ಮಾತ್ರ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಐದಿಂಚಿನ ಕಾಂಕ್ರೀಟು ಮಧ್ಯಾಹ್ನ ಕುಡಿದ ಬಿಸಿಯನ್ನು ಕೆಳಗೆ ಬಿಡುವುದು ಹಲವು ಗಂಟೆ ತಡವಾಗಿ. ಈ ಕೋಣೆಯ ಮೇಲಿನ ಸ್ಲ್ಯಾಬೇ ಮೂರೂವರೆ ಸಾವಿರ ಕಿಲೋಗಿಂತ ಹೆಚ್ಚು ತೂಗುತ್ತದೆ. ಒಳಗಿನ ಗಾಳಿ ಸುಮಾರು 40 ಕಿಲೋ. ಎಸಿ ಹಾಕಿದ ಕೆಲವೇ ನಿಮಿಷಕ್ಕೆ ಗಾಳಿ ತಣ್ಣಗಾದರೂ ಮಂಚದ ಮೇಲೆ ಮಲಗಿದವರ ಮುಖಕ್ಕೆ ಮೇಲಿನಿಂದ ಧಗೆ ಹೊಡೆಯುವುದು ಇದಕ್ಕೇ. ಒಂದು ಟನ್ ಹಾಕಿದವರು ಮಲಗುವುದಕ್ಕೆ ಒಂದು ತಾಸು ಮೊದಲೇ ಚಾಲೂ ಮಾಡಬೇಕಾದೀತು. ತಾರಸಿಗೆ ಬಿಳಿ ಸುಣ್ಣವನ್ನೋ ಕೂಲ್‌ರೂಫ್ ಬಣ್ಣವನ್ನೋ ಬಳಿದು, ಪಶ್ಚಿಮದ ಕಿಟಕಿಗೆ ಹೊರಗಿನಿಂದ ಚಪ್ಪರವೋ ತಡಿಕೆಯೋ ಕಟ್ಟಿದರೆ ಅರ್ಧ ಟನ್ನಿನ ಹೆಚ್ಚುವರಿ ಹಣ ಉಳಿದರೂ ಉಳಿಯಿತು. ಒಳಗಿನ ಪರದೆಯಿಂದ ಅಷ್ಟು ಲಾಭವಿಲ್ಲ, ಬಿಸಿಲು ಆಗಲೇ ಗಾಜು ದಾಟಿರುತ್ತದೆ.

ಎತ್ತರದ ವಿಷಯದಲ್ಲಿ ಭಯ ಸ್ವಲ್ಪ ಜಾಸ್ತಿಯೇ. ಹತ್ತಡಿ ಹನ್ನೆರಡಾದರೆ ಗಾಳಿ ಐದರಲ್ಲಿ ಒಂದು ಪಾಲು ಹೆಚ್ಚುತ್ತದೆ, ಆದ್ದರಿಂದ ಟನ್ನೂ ಅಷ್ಟೇ ಹೆಚ್ಚಬೇಕು ಎನ್ನುವವರಿದ್ದಾರೆ. ಗಾಳಿಯನ್ನು ಒಮ್ಮೆ ತಣಿಸುವುದು ಸಣ್ಣ ಕೆಲಸ. ನಿಜವಾಗಿ ಹೆಚ್ಚುವುದು ಗೋಡೆಯ ವಿಸ್ತೀರ್ಣ; ನಮ್ಮ ಲೆಕ್ಕದ ಕೋಣೆಯಲ್ಲಿ ಅದು 150-200 ವ್ಯಾಟಿನ ಮಾತು. ಹೊರೆ ಮೊದಲೇ ಎಸಿಯ ಮಿತಿಗೆ ತಾಗಿಕೊಂಡಿದ್ದರೆ ಮಾತ್ರ ಇದು ಮೇಲಿನ ಅಳತೆಗೆ ದೂಡುತ್ತದೆ. ಹೆಂಚಿನ ಮಾಡಾದರೆ ಎತ್ತರಕ್ಕಿಂತ ಸಂದಿಗಳದ್ದೇ ತಲೆನೋವು. ಕೆಳಗೊಂದು ಸೀಲಿಂಗ್ ಹಾಕಿ ಸಂದಿ ಮುಚ್ಚದೆ ಯಾವ ಟನ್ ತಂದರೂ ತಂಪು ಸೋರಿ ಹೋಗುತ್ತದೆ.

ಹಾಗಿದ್ದರೆ ದೊಡ್ಡದನ್ನೇ ತಂದರಾಯಿತಲ್ಲ ಎನ್ನುವಂತಿಲ್ಲ, ಅದರಲ್ಲೂ ಮಂಗಳೂರಿನಂಥ ಕರಾವಳಿಯಲ್ಲಿ. ಅಲ್ಲಿ ಸೆಕೆಯ ಅರ್ಧ ಕಾರಣ ಗಾಳಿಯ ತೇವ. ಎಸಿ ನಿಧಾನಕ್ಕೆ, ಬಹಳ ಹೊತ್ತು ಓಡಿದರೆ ಒಳಗಿನ ತಣ್ಣನೆ ಕಾಯಿಲಿನ ಮೇಲೆ ಆ ತೇವ ನೀರಾಗಿ ಇಳಿಯುತ್ತದೆ. ಪುಟ್ಟ ಕೋಣೆಗೆ ಎರಡು ಟನ್ ಹಾಕಿದರೆ ಐದ್ಹತ್ತು ನಿಮಿಷಕ್ಕೆ 24 ಡಿಗ್ರಿ ಮುಟ್ಟಿ ಕಂಪ್ರೆಸರ್ ನಿಲ್ಲುತ್ತದೆ, ನೀರು ಇಳಿಯುವುದು ಬಾಕಿ ಉಳಿಯುತ್ತದೆ. ಇನ್ವರ್ಟರ್ ಎಸಿ ವೇಗ ತಗ್ಗಿಸಿಕೊಂಡು ಇದನ್ನು ಸ್ವಲ್ಪ ಸುಧಾರಿಸೀತು, ಆದರೆ ಅದಕ್ಕೂ ಒಂದು ಕನಿಷ್ಠ ಮಿತಿಯಿದೆ. ರೂಮು ತಣ್ಣಗಿದ್ದೂ ಹಾಸಿಗೆ ತೇವವೆನಿಸಿದರೆ, ಔಟ್‌ಡೋರ್ ಯೂನಿಟ್ಟಿನ ಸದ್ದು ಪದೇಪದೇ ನಿಂತು ಶುರುವಾದರೆ ಎಸಿ ದೊಡ್ಡದಾಗಿದೆ ಎಂದು ಅನುಮಾನಿಸಬಹುದು. ಕಡು ಮಧ್ಯಾಹ್ನ 24ಕ್ಕಿಟ್ಟರೂ 28ರಲ್ಲೇ ನಿಂತು ಕಂಪ್ರೆಸರ್ ಒಂದೇ ಸಮನೆ ಗುಂಯ್‌ಗುಟ್ಟುತ್ತಿದ್ದರೆ, ಮೊದಲು ಫಿಲ್ಟರ್ ತೊಳೆದು, ಗ್ಯಾಸ್ ಸರಿಯಿದೆಯೇ ಎಂದು ನೋಡಿಸಿ. ಎರಡೂ ಸರಿಯಿದ್ದರೆ ಎಸಿ ಚಿಕ್ಕದಾಗಿದೆ ಎನ್ನಿ.